ಎಲ್ಲರೂ ಬೆಳೆದ ಪಟ್ಟಿ

ವಿಷ್ಣುಮೂರ್ತಿ ರಾಯರು ಮೂವತ್ತಾರು ವರ್ಷ ಚೆನ್ನೈನ ಶಾಲೆಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತಿಯ ಮರುವರ್ಷವೇ ಪಶ್ಚಿಮ ಮಾಂಬಲದ ಮಾಧ್ವ ಬಳಗದವರು ಅವರನ್ನು ಹಿಡಿದು ವಧೂವರರ ಪಟ್ಟಿಯ ಕೆಲಸಕ್ಕೆ ಕೂರಿಸಿದ್ದರು. ನಂಬರು, ಗೋತ್ರ, ನಕ್ಷತ್ರ, ವಯಸ್ಸು, ಎತ್ತರ, ಓದು, ಉದ್ಯೋಗ, ಫೋನು. ಹೆಸರು ಮಾತ್ರ ಹಾಕುತ್ತಿರಲಿಲ್ಲ. ಮರ್ಯಾದಸ್ಥರ ಮಕ್ಕಳ ಹೆಸರು ಬೀದಿಗೆ ಬೀಳಬಾರದು ಎಂದು ಹಿರಿಯರು ಎಂದೋ ಮಾಡಿದ್ದ ಕಟ್ಟಳೆ. ಅಲ್ಪವಿರಾಮ ತಪ್ಪಿದರೂ ರಾಯರಿಗೆ ಊಟ ಸೇರುತ್ತಿರಲಿಲ್ಲ. ಅಂಥವರ ಕೈಯಲ್ಲಿ ಪಟ್ಟಿ ಕ್ಷೇಮವಾಗಿದೆ ಎಂದು ಬಳಗದವರೆಲ್ಲ ನಿಶ್ಚಿಂತರಾಗಿದ್ದರು.

ಈ ವರ್ಷ ಒಂದು ಹೊಸ ಫಜೀತಿ ಬಂತು. ಬೇರೆ ಬೇರೆ ಊರುಗಳ ಬಳಗಗಳೆಲ್ಲ ಸೇರಿ ಒಂದು ಜಾಲತಾಣ ಮಾಡಿಕೊಂಡಿದ್ದವು. ಅದರಲ್ಲಿ ಎತ್ತರದ ಜಾಗಕ್ಕೆ ಸೆಂಟಿಮೀಟರೇ ಬೇಕು, ಅದೂ ಪೂರ್ಣ ಸಂಖ್ಯೆ. ಅಡಿ, ಅಂಗುಲ ಹಾಕಿದರೆ ಕೆಂಪಗೆ ಗದರಿಸುತ್ತಿತ್ತು. ನವರಾತ್ರಿ ಮುಗಿದ ವಾರ ಹಂಚಬೇಕಿದ್ದ ಪುಸ್ತಕದಲ್ಲೂ ಅದೇ ಲೆಕ್ಕ ಇರಲಿ, ಎರಡು ಕಡೆ ಎರಡು ಥರ ಬೇಡ ಎಂದರು ಕಾರ್ಯದರ್ಶಿ ಕೃಷ್ಣಪ್ರಸಾದ.

"ಇನ್ನೂರ ಹನ್ನೆರಡು ಜನ ಇದ್ದಾರೆ ಸಾರ್. ನಿಮಗೆ ಇದೆಲ್ಲ ಒಂದು ವಿಷಯವಾ? ಕಣ್ಣು ಮುಚ್ಚಿ ಮಾಡ್ತೀರಿ" ಎಂದು ಫೋನಿನಲ್ಲಿ ಹೇಳಿದರು.

ರಾಯರು ಕಣ್ಣು ಬಿಟ್ಟುಕೊಂಡೇ ಮಾಡಿದರು. ಹಳೆಯ ಪಟ್ಟಿ ಕಂಪ್ಯೂಟರಿನಲ್ಲಿತ್ತು. ಎಷ್ಟೋ ವರ್ಷಗಳಿಂದ ಯಾರ್ಯಾರೋ ತುಂಬಿದ ಎತ್ತರದ ಕಾಲಮ್ಮು: 5.4, 5.7, 5.9. ಒಂದು ಅಡಿಗೆ 30.48 ಸೆಂಟಿಮೀಟರು ಎನ್ನುವುದು ಅವರಿಗೆ ನಿದ್ದೆಯಲ್ಲೂ ಗೊತ್ತು. ಪಕ್ಕದಲ್ಲಿ ಹೊಸ ಕಾಲಮ್ಮು ಮಾಡಿ, ಗುಣಾಕಾರದ ಸೂತ್ರ ಕೊಟ್ಟು, ಮೇಲಿನಿಂದ ಕೆಳಗಿನವರೆಗೆ ಎಳೆದರು. ಇನ್ನೂರ ಹನ್ನೆರಡು ಜನ ಒಂದೇ ಉಸಿರಿಗೆ ಸೆಂಟಿಮೀಟರಾದರು.

ಹಾಗೆಂದು ಪರೀಕ್ಷೆ ಮಾಡದೆ ಬಿಡುವವರಲ್ಲ. ಸರಿಯಾಗಿ ಐದಡಿಯ ಹುಡುಗಿಯೊಬ್ಬಳನ್ನು ಹುಡುಕಿದರು: 152. ಸರಿ. ಆರಡಿಯ ಹುಡುಗನೊಬ್ಬನನ್ನು ನೋಡಿದರು: 183. ಅದೂ ಸರಿ. ಕೊನೆಗೆ ತಮ್ಮದೇ ಐದಡಿ ಆರಂಗುಲವನ್ನು 5.6 ಎಂದು ಹಾಕಿ ನೋಡಿದರೆ 171 ಬಂತು. ಪಿಂಚಣಿಯ ಕಾಗದದಲ್ಲಿ ಯಾರೋ 167 ಎಂದೋ 168 ಎಂದೋ ಬರೆದಿದ್ದ ನೆನಪು. ಅಂದಿನ ಡಾಕ್ಟರು ಅವಸರದಲ್ಲಿ ಅಳೆದಿರಬೇಕು ಎಂದುಕೊಂಡರು. ಯಾಕೋ ಖುಷಿಯಾಯಿತು. ಹಳೆಯ ಕಾಲಮ್ಮನ್ನು ಮರೆಮಾಡಿ ಕಡತವನ್ನು ಅಚ್ಚಿಗೆ ಕಳಿಸಿದರು.

ಪಟ್ಟಿಯ ಎಂಬತ್ತೇಳನೆಯ ಹುಡುಗಿ ಅವರ ಮಗಳೇ. ಆ ಸಾಲನ್ನು ರಾಯರು ನೋಡಲಿಲ್ಲ. ಆರು ವರ್ಷದಿಂದ ಪ್ರತಿ ಪುಸ್ತಕದಲ್ಲೂ ಅದು ಇದ್ದೇ ಇತ್ತು. ಬರೀ ವಯಸ್ಸಿನ ಜಾಗದಲ್ಲಿ ಒಂದೊಂದು ಏರಿಸುವಾಗ ಮನಸ್ಸಿಗೆ ಕಷ್ಟವಾಗುತ್ತಿದ್ದುದರಿಂದ ಅದನ್ನೊಂದು ಬೇಗ ಮುಗಿಸಿ ಮುಂದೆ ಹೋಗಿಬಿಡುತ್ತಿದ್ದರು.

ಹರಿಪ್ರಿಯಾಗೆ ಈಗ ಮೂವತ್ತೊಂದು. ಅಡ್ಯಾರಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಓದು, ಕೆಲಸ, ಬಣ್ಣ, ಸ್ವಭಾವ ಯಾವುದಕ್ಕೂ ಯಾರೂ ಬೊಟ್ಟು ಮಾಡಿದ್ದಿಲ್ಲ. ಎತ್ತರ ಐದಡಿ ಹತ್ತಂಗುಲ, ಅಷ್ಟೇ. ಅದನ್ನು ಕೇಳಿದ ಮೇಲೆ ಫೋನಿನ ಆಚೆ ಕಡೆಯವರು "ಹೌದಾ" ಎನ್ನುತ್ತಿದ್ದರು, "ಜಾತಕ ನೋಡಿ ಹೇಳ್ತೀವಿ" ಎನ್ನುತ್ತಿದ್ದರು, ಆಮೇಲೆ ಏನೂ ಹೇಳುತ್ತಿರಲಿಲ್ಲ. ಒಂದೆರಡಂಗುಲ ಕಡಿಮೆ ಹೇಳೋಣ ಎಂದು ತಾಯಿ ಭೀಮಾಬಾಯಿ ಅಂದಿದ್ದರು. ಮೇಷ್ಟರು ಒಪ್ಪಿರಲಿಲ್ಲ. "ಅಳತೆ ಅಂದ ಮೇಲೆ ಅಳತೆ" ಎಂದಿದ್ದರು. ಆರು ವರ್ಷದಲ್ಲಿ ನೋಡಲು ಬಂದವರು ಎರಡೇ ಮನೆಯವರು. ಇಬ್ಬರೂ ಕಾಫಿ ಕುಡಿದು ಹೋದರು.

ಪುಸ್ತಕ ಹಂಚಿದ ಮೂರನೆಯ ದಿನ ಫೋನು ಬಂತು. ಅದೇ ಸಂಜೆ ಇನ್ನೊಂದು. ಹತ್ತು ದಿನದಲ್ಲಿ ಒಂಬತ್ತು ಮನೆಯವರು. ಭೀಮಾಬಾಯಿ ಫೋನನ್ನು ಅಡುಗೆಮನೆಯ ಕಿಟಕಿಯಲ್ಲೇ ಇಟ್ಟುಕೊಂಡರು. ಒಗ್ಗರಣೆ ಸೀದರೂ ಫೋನು ತಪ್ಪಬಾರದು.

"ಎಲ್ಲ ಒಂದೇ ಮಾತು ಹೇಳ್ತಾರ್ರೀ" ಎಂದರು ಗಂಡನಿಗೆ. "ಹುಡುಗಿ ಹೈಟು ನಮ್ಮ ಹುಡುಗನಿಗೆ ಕರೆಕ್ಟಾಗಿದೆ ಅಂತಾರೆ. ನೋಡಿದ್ರಾ, ಕಾಲ ಮಾರಿಹೋಗಿದೆ, ಹಿಂದಿನ ಹಾಗಿಲ್ಲ. ಈಗಿನ ಹುಡುಗರಿಗೆ ಉಯರವಾಗಿರೋ, ಉದ್ದದ ಹುಡುಗೀನೇ ಬೇಕಂತೆ."

"ಗುರುಬಲ ಬಂದಿದೆ" ಎಂದರು ರಾಯರು. ಜ್ಯೋತಿಷಿ ಹೇಳಿದ್ದು ಇದೇ ತಿಂಗಳು.

ಬರೀ ತಮ್ಮ ಮನೆಗಲ್ಲ, ಇಡೀ ಬಳಗಕ್ಕೇ ಗುರುಬಲ ಬಂದಂತಿತ್ತು. ಪುಸ್ತಕ ನೋಡಿದವರೆಲ್ಲ ರಾಯರಿಗೆ ಫೋನು ಮಾಡಿ ಹೊಗಳಿದರು. "ಈ ಸಲ ಪಟ್ಟಿ ಎಷ್ಟು ನೀಟಾಗಿದೆ ಸಾರ್" ಎಂದರು ಒಬ್ಬರು. "ಸೆಂಟಿಮೀಟರಲ್ಲಿ ಹಾಕಿದ್ದು ಒಳ್ಳೇದಾಯ್ತು, ನಮ್ಮ ಹುಡುಗ ಒಂದು ಗತ್ತಾಗಿ ಕಾಣ್ತಾನೆ" ಎಂದರು ಇನ್ನೊಬ್ಬರು. ತಪ್ಪು ಹುಡುಕುವುದಕ್ಕೇ ಪುಸ್ತಕ ತೆರೆಯುವ ಜನ ಯಾರೂ ತಪ್ಪು ಹೇಳಲಿಲ್ಲ. ಬೆಸೆಂಟ್ ನಗರದ ತಿರುಮಲ ಮಾತ್ರ ಬೇಸರದಿಂದ ಮಾತಾಡಿದರು: "ನಮ್ಮ ಹುಡುಗನಿಗೆ ಒಂದೂ ಒಳ್ಳೆ ಸಂಬಂಧ ಬರ್ತಿಲ್ಲ ಸಾರ್. ಹೋದ ವರ್ಷ ಹದಿನೈದು ಬಂದಿತ್ತು. ಏನಾಯ್ತೋ." ರಾಯರು ತಾವೇ ಆರು ವರ್ಷ ಕೇಳಿಸಿಕೊಂಡಿದ್ದ ಸಮಾಧಾನವನ್ನು ಅವರಿಗೆ ಹೇಳಿದರು: ಕಾಲ ಕೂಡಿ ಬರಬೇಕು.

ಹರಿಪ್ರಿಯಾ ಮೊದಲು ಇದನ್ನೆಲ್ಲ ಕಿವಿಗೆ ಹಾಕಿಕೊಂಡಿರಲಿಲ್ಲ. ಆದರೆ ಒಂಬತ್ತು ಫೋನು ಕಡಿಮೆಯೇನಲ್ಲ. ಒಂದು ಬೆಳಿಗ್ಗೆ ಅಮ್ಮ ಸೀರೆ ಆರಿಸುತ್ತಿದ್ದಾಗ ಅವಳು ಬೇಡ ಎನ್ನಲಿಲ್ಲ. ಶಾಲೆಯಲ್ಲಿ ಕೊನೆಯ ಬೆಂಚಿನಿಂದ ಶುರುವಾಗಿ ಬಸ್ಸಿನವರೆಗೆ ಎಲ್ಲೆಲ್ಲೂ ಭುಜ ಸ್ವಲ್ಪ ಬಗ್ಗಿಸಿಕೊಂಡೇ ನಿಲ್ಲುವ ಅಭ್ಯಾಸ ಅವಳಿಗೆ. ರೋಗಿಗಳಿಗೆ ನೆಟ್ಟಗೆ ನಿಲ್ಲಿ ಎಂದು ದಿನವಿಡೀ ಹೇಳುವವಳು. ಆ ವಾರ ವೇಲಚೇರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ತಾನೂ ನೆಟ್ಟಗೆ ನಿಂತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು.

ಒಂಬತ್ತರಲ್ಲಿ ಮೊದಲು ಜಾತಕ ಕೂಡಿದ್ದು ಸತ್ಯಾತ್ಮ ಎಂಬ ಹುಡುಗನದು. ಗಿಂಡಿಯಲ್ಲಿ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರು. ತಂದೆ ಇಲ್ಲ, ತಾಯಿ ಮಗ ಇಬ್ಬರೇ. ಭಾನುವಾರ ನಾಲ್ಕು ಗಂಟೆಗೆ ಬರುತ್ತೇವೆ ಎಂದರು, ನಾಲ್ಕಕ್ಕೇ ಬಂದರು. ಲಿಫ್ಟು ಕೆಟ್ಟಿತ್ತು. ಎರಡನೇ ಮಹಡಿಗೆ ಹತ್ತುವಷ್ಟರಲ್ಲಿ ತಾಯಿಗೆ ಮಂಡಿನೋವಿನಿಂದ ಮುಖ ಕೆಂಪಾಗಿತ್ತು. ಸೋಫಾದಲ್ಲಿ ಕೂತು, ನೀರು ಕುಡಿದು, ಕೇಸರಿಬಾತು ಬಜ್ಜಿ ಮುಟ್ಟುವ ಮೊದಲೇ "ಹುಡುಗೀನ ಕರೀರಿ" ಎಂದರು.

ಹರಿಪ್ರಿಯಾ ಕಾಫಿ ತಟ್ಟೆ ಹಿಡಿದು ಬಾಗಿಲಿನಿಂದ ಹೊರಗೆ ಬಂದಳು. ಹುಡುಗನ ತಾಯಿ ಮೇಲೆ ನೋಡಿದರು. ಮತ್ತೂ ಸ್ವಲ್ಪ ಮೇಲೆ ನೋಡಿದರು. ಆಮೇಲೆ ಭೀಮಾಬಾಯಿಯ ಕಡೆ ತಿರುಗಿ, "ಇವರು ಹುಡುಗಿಯ ಅಕ್ಕನಾ?" ಎಂದರು.

"ಇವಳೇ ನಮ್ಮ ಹುಡುಗಿ. ಒಬ್ಬಳೇ ಮಗಳು."

ಆಕೆ ಕೈಚೀಲದಿಂದ ಪುಸ್ತಕ ತೆಗೆದರು. ಕನ್ನಡಕ ಹಾಕಿಕೊಂಡು ಹಾಳೆ ಮಡಿಸಿದ್ದ ಜಾಗ ಬಿಚ್ಚಿದರು. "ಎಂಬತ್ತೇಳು ತಾನೇ? ಇಲ್ಲಿ ನೂರೈವತ್ತೈದು ಅಂತಿದೆ. ನಾವು ಅದನ್ನ ನೋಡೇ ಬಂದಿದ್ದು."

ರಾಯರು ನಕ್ಕರು. "ಅದು ಇರೋಕೆ ಸಾಧ್ಯವಿಲ್ಲ. ಕೊಡಿ ಇಲ್ಲಿ."

ಪುಸ್ತಕ ಅವರ ಕೈಗೆ ಬರುವ ಮೊದಲೇ ಹರಿಪ್ರಿಯಾ ಕಾಫಿ ತಟ್ಟೆ ಕೆಳಗಿಟ್ಟು ತೆಗೆದುಕೊಂಡಿದ್ದಳು. ಕ್ಲಿನಿಕ್ಕಿನಲ್ಲಿ ದಿನಾ ಹತ್ತು ಜನರ ಎತ್ತರ ಸೆಂಟಿಮೀಟರಿನಲ್ಲೇ ಬರೆಯುವವಳು ಅವಳು. ತನ್ನದು 178 ಎಂದು ಗೊತ್ತಿತ್ತು. ಹಿಂದಿನ ಪುಟ, ಮುಂದಿನ ಪುಟ ನೋಡಿದಳು. ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ.

"ಎನ್ನಪ್ಪಾ ಇದು?" ಎಂದಳು ತಮಿಳಿನಲ್ಲಿ. ತೀರಾ ಬೇಜಾರಾದಾಗ ಅವಳಿಗೆ ಬರುವುದು ತಮಿಳೇ. ಆಮೇಲೆ ಬಂದವರ ಮುಂದೆ ಎಂದು ಕನ್ನಡಕ್ಕೆ ತಿರುಗಿದಳು. "ಐದು ಪಾಯಿಂಟ್ ಹತ್ತನ್ನ ಮೂವತ್ತೂವರೆಯಿಂದ ಗುಣಿಸಿದ್ದೀಯಾ? ಪಾಯಿಂಟ್ ಆದಮೇಲೆ ಇರೋದು ಇಂಚಪ್ಪಾ, ಅಡಿಯ ದಶಾಂಶ ಅಲ್ಲ. ಐದು ಪಾಯಿಂಟ್ ಹತ್ತು ಅಂದ್ರೆ ಕಂಪ್ಯೂಟರ್‌ಗೆ ಐದು ಪಾಯಿಂಟ್ ಒಂದೇ. ಕೊನೇ ಸೊನ್ನೆಗೆ ಅಲ್ಲಿ ಬೆಲೆಯಿಲ್ಲ."

ರಾಯರು ಪುಸ್ತಕ ತೆಗೆದುಕೊಂಡು ಆ ಸಾಲು ನೋಡಿದರು. ಅಂಗುಲ ಹನ್ನೆರಡಾದರೆ ಒಂದು ಅಡಿ, ಹತ್ತಾದರೆ ಅಲ್ಲ. ಆರನೇ ತರಗತಿಯ ಪಾಠ. ಮೂವತ್ತಾರು ವರ್ಷದಲ್ಲಿ ಎಷ್ಟು ಮಕ್ಕಳನ್ನು ಈ ತಪ್ಪಿಗೆ ಬೆಂಚಿನ ಮೇಲೆ ನಿಲ್ಲಿಸಿದ್ದರೋ.

"ಒಂದು ನಿಮಿಷ" ಎಂದ ಸತ್ಯಾತ್ಮ. ಅವನು ಬಂದಾಗಿನಿಂದ ಆಡಿದ ಮೊದಲ ಮಾತು ಅದು. "ಹಾಗಿದ್ರೆ ನನ್ನದೂ ತಪ್ಪಾಗಿರಬೇಕಲ್ಲ? ನಂದು ಐದೂ ಐದು. ಪುಸ್ತಕದಲ್ಲಿ 168 ಇದೆ. ಫ್ಯಾಕ್ಟರಿ ಮೆಡಿಕಲ್‌ನಲ್ಲಿ ಯಾವಾಗ್ಲೂ 165 ಬರ್ತಿತ್ತು. ನಾನು ಎಲ್ಲೋ ಬೆಳೆದುಬಿಟ್ಟೆ ಅಂದ್ಕೊಂಡಿದ್ದೆ."

ಹೇಳಿ ಅವನು ನಕ್ಕ. ಹರಿಪ್ರಿಯಾಗೂ ನಗು ಬಂತು, ಆದರೆ ಅವನ ತಾಯಿಯ ಮುಖ ನೋಡಿ ನುಂಗಿಕೊಂಡಳು.

"ನೀನು ಸುಮ್ಮನಿರು" ಎಂದರು ತಾಯಿ ಮಗನಿಗೆ. ರಾಯರ ಕಡೆ ತಿರುಗಿ, "ಸ್ವಂತ ಮಗಳ ವಿಷಯದಲ್ಲೇ ಹೀಗೆ ಬರೀಬಹುದಾ? ಮೇಷ್ಟ್ರು ಬೇರೆ" ಎಂದರು. ಅದು ತಪ್ಪಲ್ಲ, ಉಪಾಯ ಎಂದು ಆಕೆ ತೀರ್ಮಾನಿಸಿಯಾಗಿತ್ತು. ಕಾಫಿ ಮಾತ್ರ ಕುಡಿದರು. ಹೋಗುವಾಗ ಮೆಟ್ಟಿಲಿಳಿಯಲು ಕಷ್ಟಪಡುತ್ತಿದ್ದುದನ್ನು ಕಂಡು ಹರಿಪ್ರಿಯಾ ತೋಳು ಹಿಡಿದು ಕೆಳಗಿನವರೆಗೆ ಇಳಿಸಿದಳು. "ಮೊದಲು ನೋವಿರೋ ಕಾಲು ಇಳಿಸಿ ಮಾಮಿ, ಆಮೇಲೆ ಇನ್ನೊಂದು" ಎಂದು ಹೇಳಿಕೊಟ್ಟಳು. ಆಕೆ ಹಾಗೇ ಇಳಿದರು, ಆಟೋ ಹತ್ತಿದರು, ಹೋದರು.

ರಾಯರು ಆ ಸಂಜೆ ಕಂಪ್ಯೂಟರಿನ ಮುಂದೆ ಕೂತವರು ಎದ್ದಿದ್ದು ಊಟದ ಹೊತ್ತಿಗೆ. ಈ ಸಲ ಅಡಿಯನ್ನು ಬೇರೆ, ಅಂಗುಲವನ್ನು ಬೇರೆ ಮಾಡಿದರು. ಅಡಿಯನ್ನು ಹನ್ನೆರಡರಿಂದ ಗುಣಿಸಿ, ಅಂಗುಲ ಕೂಡಿಸಿ, ಬಂದದ್ದನ್ನು 2.54ರಿಂದ ಗುಣಿಸಿದರು. ಕೊನೆಯ ಸೊನ್ನೆ ಉದುರಿಹೋಗಿದ್ದ ಕಡೆಯೆಲ್ಲ ಮೂಲ ಅರ್ಜಿಗಳನ್ನು ತೆಗೆದು ನೋಡಿದರು. ತಪ್ಪು ಪಟ್ಟಿ, ಸರಿ ಪಟ್ಟಿ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದರು.

ಎರಡಂಗುಲದಿಂದ ಒಂಬತ್ತಂಗುಲದವರೆಗಿನ ಎಲ್ಲರೂ ಬೆಳೆದಿದ್ದರು. ಐದಡಿ ಎರಡಂಗುಲದ ಹುಡುಗಿಯರು ಒಂದೇ ಸೆಂಟಿಮೀಟರು, ಐದೂ ಐದರ ಹುಡುಗರು ಮೂರು, ಐದೂ ಒಂಬತ್ತರವರಂತೂ ಐದು ಸೆಂಟಿಮೀಟರು ಬೆಳೆದು 180 ಆಗಿದ್ದರು. ಸರಿಯಾಗಿ ಐದಡಿ, ಐದೂ ಒಂದು, ಆರಡಿ ಇದ್ದ ಕೆಲವರು ಮಾತ್ರ ಇದ್ದಷ್ಟೇ ಇದ್ದರು; ದುರದೃಷ್ಟಕ್ಕೆ ರಾಯರು ಪರೀಕ್ಷೆಗೆ ಆರಿಸಿದ್ದು ಅವರಲ್ಲೇ ಇಬ್ಬರನ್ನು. ಐದೂ ಹತ್ತು, ಐದೂ ಹನ್ನೊಂದರ ಹನ್ನೊಂದು ಜನ, ಹತ್ತು ಹುಡುಗರು ಮತ್ತು ಹರಿಪ್ರಿಯಾ, ಕುಳ್ಳರ ಸಾಲಿಗೆ ಸೇರಿ 155, 156ಕ್ಕೆ ಇಳಿದಿದ್ದರು. ಐದಡಿಗಿಂತ ಕಡಿಮೆ ಯಾರೂ ಇರಲಿಲ್ಲ. ನಾಲ್ಕೂ ಹನ್ನೊಂದರ ಹುಡುಗಿಯರನ್ನು ಅವರವರ ಮನೆಯವರು ಮೊದಲೇ ಐದಡಿ ಎಂದು ಬರೆಸಿದ್ದರಿಂದ ಅವರು 125ಕ್ಕೆ ಇಳಿಯುವ ದೊಡ್ಡ ಅನಾಹುತ ತಪ್ಪಿತ್ತು.

"ಈಗೇನು ಮಾಡ್ತೀರಿ?" ಎಂದರು ಭೀಮಾಬಾಯಿ.

"ತಿದ್ದಿದ ಪಟ್ಟಿ ಕಳಿಸ್ತೀನಿ. ಇನ್ನೇನು?"

"ಇನ್ನೂ ಎಂಟು ಮನೆಯವರು ಇದ್ದಾರಲ್ಲ. ಅವರು ಬಂದು ನೋಡ್ಲಿ. ನೋಡಿದ ಮೇಲೆ ಯಾರಿಗಾದ್ರೂ ಹಿಡಿಸಬಹುದು. ಒಂದು ತಿಂಗಳು ತಡವಾಗಿ ತಿದ್ದಿದ್ರೆ ಯಾರ ಗಂಟು ಹೋಗತ್ತೆ?"

ರಾಯರು ತಟ್ಟನೆ ಇಲ್ಲ ಎನ್ನಲಿಲ್ಲ. ಹತ್ತು ದಿನ ಹೆಂಡತಿಯ ಮುಖ ಹೇಗಿತ್ತೆಂದು ಅವರೂ ನೋಡಿದ್ದರು. ಉತ್ತರ ಹೇಳಿದ್ದು ಹರಿಪ್ರಿಯಾ. ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದವಳು ಒಳಗೆ ಬಂದಳು.

"ಅಮ್ಮಾ, ಅವರಿಗೆ ಹಿಡಿಸೋದು ನಾನು ಎದ್ದು ನಿಲ್ಲೋ ತನಕ ಮಾತ್ರ. ಎಂಟು ಸಲ ನನ್ನಿಂದ ಆಗಲ್ಲ."

ಒಂದು ವಾರ ತಾನೂ ನಂಬಿಬಿಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಗಿತ್ತು. ಭೀಮಾಬಾಯಿ ಫೋನನ್ನು ಅಡುಗೆಮನೆಯ ಕಿಟಕಿಯಿಂದ ತೆಗೆದು ಟಿವಿಯ ಪಕ್ಕ ಇಟ್ಟರು.

ಬೆಳಿಗ್ಗೆ ಬಳಗದ ವಾಟ್ಸಾಪ್ ಗುಂಪಿಗೆ ರಾಯರು ತಿದ್ದಿದ ಪಟ್ಟಿ ಹಾಕಿದರು. ತಪ್ಪು ತಮ್ಮದೇ ಎಂದೂ, ಹೇಗಾಯಿತೆಂದೂ, ಎಲ್ಲರೂ ಕ್ಷಮಿಸಬೇಕೆಂದೂ ಬರೆದರು. ಧನ್ಯವಾದ ಬರಬಹುದು ಎಂದುಕೊಂಡಿದ್ದರು. ಮಧ್ಯಾಹ್ನದೊಳಗೆ ಬಂದದ್ದು ಬೇರೆ.

"ನಮ್ಮ ಹುಡುಗ 174 ಇದ್ದವನು ಈಗ 170 ಹೇಗಾದ? ಇದೇನು ಗೊಂದಲ?"

"ಮೊದಲಿನ ಪಟ್ಟಿ ಸರಿಯಾಗೇ ಇತ್ತಲ್ಲ ಸಾರ್. ಯಾಕೆ ಕೈ ಹಾಕಿದಿರಿ?"

"ಐದೂ ಎಂಟು ಅಂದ್ರೆ 177 ಅಂತ ನಾವು ಹುಡುಗಿ ಮನೇಲಿ ಹೇಳಿಯಾಗಿದೆ. ಈಗ 173 ಅಂದ್ರೆ ಅವರು ನಮ್ಮನ್ನ ಏನಂದ್ಕೋತಾರೆ?"

ತಿರುಮಲ ಒಬ್ಬರು ಮಾತ್ರ ಐದು ಸಲ ಕೈಮುಗಿಯುವ ಚಿತ್ರ ಹಾಕಿದರು. ಅವರ ಮಗ ಐದಡಿ ಹನ್ನೊಂದಂಗುಲ. ಮೂರು ವಾರದಿಂದ ಅವನಿಗೆ ಬರುತ್ತಿದ್ದ ಫೋನೆಲ್ಲ "ನಮ್ಮ ಹುಡುಗೀನೂ ಗಿಡ್ಡಾನೇ, ಪರವಾಗಿಲ್ಲ" ಎಂದು ಶುರುವಾಗುತ್ತಿತ್ತಂತೆ. ಯಾಕೆ ಹೀಗನ್ನುತ್ತಾರೆ ಎಂದು ಮನೆಯವರಿಗೆ ಅರ್ಥವೇ ಆಗಿರಲಿಲ್ಲ.

ಗಲಾಟೆ ಹೆಚ್ಚಾದಾಗ ಕೃಷ್ಣಪ್ರಸಾದ ಸಭೆ ಕರೆದರು. ಮಾಂಬಲದ ಮಠದ ಹಿಂದಿನ ಹಾಲಿನಲ್ಲಿ ನಲವತ್ತು ಜನ ಸೇರಿದರು. ರಾಯರು ಕರಿಹಲಗೆ ಇಲ್ಲದ ಕಾರಣ ಕ್ಯಾಲೆಂಡರಿನ ಹಿಂಭಾಗದಲ್ಲಿ ದೊಡ್ಡದಾಗಿ ಬರೆದುಕೊಂಡು ಬಂದಿದ್ದರು. ಐದು ಹನ್ನೆರಡಲೆ ಅರವತ್ತು, ಅದಕ್ಕೆ ಹತ್ತು ಕೂಡಿದರೆ ಎಪ್ಪತ್ತು, ಎಪ್ಪತ್ತು ಗುಣಿಸು 2.54. ನೂರ ಎಪ್ಪತ್ತೇಳು ಪಾಯಿಂಟ್ ಎಂಟು. ಎಲ್ಲರೂ ತಾಳ್ಮೆಯಿಂದ ನೋಡಿದರು. ಲೆಕ್ಕ ಸರಿ ಎಂದು ಎಲ್ಲರೂ ಒಪ್ಪಿದರು.

"ಲೆಕ್ಕ ಸರಿ ಸಾರ್" ಎಂದರು ಒಬ್ಬರು ಎದ್ದು. "ಆದ್ರೆ ನಮ್ಮ ಹುಡುಗೀಗೆ 168ರ ಹುಡುಗ ಅಂತ ಹೇಳಿ ಒಪ್ಪಿಸಿದ್ದೀವಿ. ಈಗ 165 ಅಂದ್ರೆ?"

"ಹುಡುಗ ಅವನೇ ತಾನೇ? ನಿಮ್ಮ ಹುಡುಗಿ ಅವನನ್ನ ನೋಡಿದ್ದಾಳೆ ತಾನೇ?"

"ಹುಡುಗ ಅವನೇ. ನಂಬರ್ ಬೇರೆ ಆಯ್ತಲ್ಲ."

ಕೃಷ್ಣಪ್ರಸಾದ ಸಮಾಧಾನದ ಮನುಷ್ಯ. ಯಾರ ಮನಸ್ಸನ್ನೂ ನೋಯಿಸದೆ ಹದಿನಾಲ್ಕು ವರ್ಷ ಕಾರ್ಯದರ್ಶಿಯಾಗಿದ್ದರು. "ಹೀಗೆ ಮಾಡೋಣ" ಎಂದರು. "ಇನ್ನೂರು ಜನಕ್ಕೆ ತೊಂದರೆಯಿಲ್ಲ, ಹನ್ನೊಂದು ಜನಕ್ಕೆ ಮಾತ್ರ ತೊಂದರೆ. ಆ ಹನ್ನೊಂದನ್ನ ತಿದ್ದೋಣ. ಬಾಕಿದು ಹಾಗೇ ಇರಲಿ."

"ಹಾಗೆ ಹೇಗಾಗತ್ತೆ?" ರಾಯರು ಕ್ಯಾಲೆಂಡರನ್ನು ಮತ್ತೆ ಎತ್ತಿ ಹಿಡಿದರು. "ಐದೂ ಒಂಬತ್ತರವರು ಪಟ್ಟಿಯಲ್ಲಿ 180 ಇದ್ದಾರೆ. ಐದೂ ಹತ್ತನ್ನ ಸರಿಯಾಗಿ ಹಾಕಿದ್ರೆ 178. ಚಿಕ್ಕವನೇ ದೊಡ್ಡವನಾಗ್ತಾನೆ!"

ಸಭೆ ಯೋಚನೆಗೆ ಬಿತ್ತು. ಇದು ಅನ್ಯಾಯ ಎಂದು ತಿರುಮಲ ಎದ್ದು ನಿಂತರು.

"ಸರಿ, ಹಾಗಿದ್ರೆ ಐದೂ ಹತ್ತಿಗೆ ಒಂಬತ್ತರವರಿಗಿಂತ ಮೂರು ಜಾಸ್ತಿ ಕೊಡಿ. 183" ಎಂದರು ಕೃಷ್ಣಪ್ರಸಾದ.

"183 ಅಂದ್ರೆ ಆರಡಿ ಸ್ವಾಮೀ! ಆರಡಿಯವರು ಈಗಾಗಲೇ 183 ಇದ್ದಾರೆ. ಐದೂ ಹನ್ನೊಂದರವರಿಗೆ 186 ಕೊಡ್ತೀರಾ? ಅವರು ಆರಡಿಯವರಿಗಿಂತ ಉದ್ದ ಆಗ್ಬೇಕಾ?"

ಆರಡಿಯ ಹುಡುಗರ ತಂದೆಯಂದಿರಿಬ್ಬರು ಹಿಂದಿನ ಸಾಲಿನಿಂದ ಗುರುಗುಟ್ಟಿದರು. ಕೃಷ್ಣಪ್ರಸಾದ ಒಂದು ಕ್ಷಣ ಕಣ್ಣು ಮುಚ್ಚಿ, ತೆರೆದರು.

"ಒಂಬತ್ತು 180 ಇದೆ. ಆರಡಿ 183 ಇದೆ. ಮಧ್ಯದಲ್ಲಿ ಎರಡು ನಂಬರು ಖಾಲಿ ಇದೆಯಲ್ಲ ಸಾರ್. ಹತ್ತಿಗೆ 181. ಹನ್ನೊಂದಕ್ಕೆ 182. ಯಾರಿಗೂ ಮೋಸವಿಲ್ಲ. ಆಯ್ತಲ್ಲ?"

ಚಪ್ಪಾಳೆ ಬಿತ್ತು. ತಿರುಮಲರೂ 182 ಕೇಳಿ ಮನಸ್ಸು ತಣ್ಣಗಾಗಿ ಕೂತರು. ಅವರ ಮಗ ನಿಜವಾಗಿ 180. ಎತ್ತರ ಅಂದಾಜು ಎಂದಾದರೂ ಪುಸ್ತಕದ ಕೆಳಗೆ ಸಣ್ಣದಾಗಿ ಹಾಕೋಣ ಎಂದು ರಾಯರು ಬೇಡಿಕೊಂಡರು. "ಅಂದಾಜು ಅಂತ ಹಾಕಿದ್ರೆ ನಕ್ಷತ್ರನೂ ಅಂದಾಜಾ ಅಂತ ಕೇಳ್ತಾರೆ" ಎಂದು ಅದೂ ಬಿದ್ದುಹೋಯಿತು. ಹನ್ನೊಂದು ಕಡೆ ಮುದ್ರಣ ದೋಷವಾಗಿತ್ತೆಂದು ಒಂದು ಚೀಟಿ ಅಚ್ಚು ಹಾಕಿಸಿ ಪುಸ್ತಕಕ್ಕೆ ಅಂಟಿಸುವುದೆಂದು ತೀರ್ಮಾನವಾಯಿತು. ಕೊನೆಯಲ್ಲಿ ಕೃಷ್ಣಪ್ರಸಾದ ರಾಯರ ನಿಸ್ವಾರ್ಥ ಸೇವೆಯನ್ನು ಎರಡು ಮಾತಿನಲ್ಲಿ ಕೊಂಡಾಡಿ ಶಾಲು ಹೊದಿಸಿದರು.

ರಾಯರು ಶಾಲು ಮಡಿಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು. ಮಗಳ ಮುಖ ನೋಡಲಾರದೆ ಹೇಳಿದರು. "ನಿನ್ನನ್ನ 181 ಮಾಡಿದ್ದಾರೆ."

ಕೇಳಿ ನಗಲು ಶುರುಮಾಡಿದ ಹರಿಪ್ರಿಯಾಗೆ ನಿಲ್ಲಿಸಲಾಗಲಿಲ್ಲ. ಆರು ವರ್ಷ ಎರಡಂಗುಲ ಕಡಿಮೆ ಹೇಳಲು ಒಪ್ಪದ ಅಪ್ಪನ ಕೈಯಿಂದಲೇ ಮೂರು ಸೆಂಟಿಮೀಟರು ಜಾಸ್ತಿ ಬರೆಸಿದ್ದರು.

"ವಿಡುಪ್ಪಾ, ಬಿಟ್ಟುಬಿಡು" ಎಂದಳು ಕಣ್ಣೊರೆಸಿಕೊಂಡು. "ಇನ್ನು ಮೇಲೆ ಫೋನು ಬರಲ್ಲ. ಅಮ್ಮನ ಒಗ್ಗರಣೆ ಸೀಯಲ್ಲ."

ನಿಜವಾಗಿಯೂ ಬರಲಿಲ್ಲ. ಎಂಟು ಮನೆಯವರೂ ಜಾತಕ ಕೂಡಲಿಲ್ಲ ಎಂದರು.

ಕಾರ್ತೀಕ ಮಾಸದ ಕೊನೆಯಲ್ಲಿ ಒಂದು ಬೆಳಿಗ್ಗೆ ಅಡ್ಯಾರಿನ ಕ್ಲಿನಿಕ್ಕಿಗೆ ಸತ್ಯಾತ್ಮನ ತಾಯಿ ಬಂದರು. ಮಂಡಿನೋವು ಹೆಚ್ಚಾಗಿತ್ತು. ಡಾಕ್ಟರು ಹತ್ತು ದಿನ ವ್ಯಾಯಾಮ ಮಾಡಿಸಿಕೊಳ್ಳಿ ಎಂದು ಚೀಟಿ ಬರೆದಿದ್ದರು. ಮೆಟ್ಟಿಲಿಳಿಯುವುದು ಹೇಗೆಂದು ಹೇಳಿಕೊಟ್ಟ ಹುಡುಗಿಯ ನೆನಪಾಗಿ ಇಲ್ಲಿಗೇ ಬಂದೆ ಎಂದರು. ಹರಿಪ್ರಿಯಾ ಹೊಸ ರೋಗಿಗಳಿಗೆ ಮಾಡುವಂತೆ ತೂಕ ನೋಡಿ, ಎತ್ತರದ ಕೋಲಿನ ಪಕ್ಕ ನಿಲ್ಲಿಸಿದಳು.

"ಅದೇನು ಅಳೆಯೋದು, ಐದೂ ಎರಡು" ಎಂದರು ಆಕೆ.

"ನೂರ ಐವತ್ತೆರಡು ಮಾಮಿ. ಐದಡಿಗೆ ಒಂದು ಚೂರು ಕಡಿಮೆ."

ಆಕೆ ಕೋಲನ್ನು ನೋಡಿದರು, ಹುಡುಗಿಯನ್ನು ನೋಡಿದರು. "ಮದುವೆಯಲ್ಲಿ ನಮ್ಮಪ್ಪ ಐದೂ ಎರಡು ಅಂತ ಹೇಳಿದ್ದರು" ಎಂದರು ಮೆಲ್ಲಗೆ. "ನಲವತ್ತು ವರ್ಷದಿಂದ ನಾನೂ ಹಾಗೇ ಹೇಳ್ತಾ ಬಂದೆ. ಬರೀಲೇಬೇಕಾ?"

"ಬರೀಬೇಕು ಮಾಮಿ."

"ಬರಿ. ನಮ್ಮ ಮನೆಯವರು ಹೋಗಿಬಿಟ್ಟರು, ಇನ್ನು ಯಾರು ಕೇಳ್ತಾರೆ."

ಹತ್ತು ದಿನ ಬಂದರು. ಏಳಿಸುವಾಗ, ಕೂರಿಸುವಾಗ ಹರಿಪ್ರಿಯಾಳ ತೋಳಿಗೆ ಪೂರಾ ಭಾರ ಬಿಟ್ಟು ಅಭ್ಯಾಸ ಮಾಡಿಕೊಂಡರು. ಕೊಂಚ ಕುಳ್ಳಗಿದ್ದ ಇನ್ನೊಬ್ಬ ಹುಡುಗಿ ಒಂದು ದಿನ ಬಂದಾಗ, "ನೀನು ಬೇಡಮ್ಮ, ನಾನು ನಿನ್ನ ಮೇಲೇ ಬೀಳ್ತೀನಿ, ಆ ಉದ್ದದವಳನ್ನ ಕರಿ" ಎಂದು ಕಳಿಸಿದರು. ಏಳನೆಯ ದಿನ ಅವರನ್ನು ಕರೆದೊಯ್ಯಲು ಸತ್ಯಾತ್ಮ ಬಂದ. ಎಂಟು, ಒಂಬತ್ತು, ಹತ್ತನೆಯ ದಿನವೂ ಅವನೇ ಬಂದ, ಪ್ರತಿ ದಿನವೂ ಅರ್ಧ ಗಂಟೆ ಮುಂಚೆ. ಅವನಿಗೆ ಹೇಳಲು ಬಹಳ ಇರಲಿಲ್ಲ, ಆದರೆ ಕೇಳುವವನಾಗಿದ್ದ. ಹರಿಪ್ರಿಯಾ ಅವನ ಹತ್ತಿರ ನಿಂತು ಮಾತಾಡುವಾಗ ಭುಜ ಬಗ್ಗಿಸಲಿಲ್ಲ. ಅವನೂ ಹಿಮ್ಮಡಿ ಎತ್ತಲಿಲ್ಲ. ಹತ್ತನೆಯ ದಿನ ತಾಯಿ ಆಟೋದಲ್ಲಿ ಕೂತ ಮೇಲೆ ಮಗನಿಗೆ, "ಕೇಳೋದಾದ್ರೆ ಇವತ್ತು ಕೇಳು. ನಾಳೆಯಿಂದ ನನಗೆ ಮಂಡಿನೋವಿಲ್ಲ" ಎಂದರಂತೆ. ಅವನು ಇಳಿದು ಒಳಗೆ ಹೋಗಿ ಕೇಳಿದ.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ನಿಶ್ಚಿತಾರ್ಥವಾಯಿತು. ಅಕ್ಕಪಕ್ಕ ಕೂರಿಸಿದಾಗ ಯಾವ ವ್ಯತ್ಯಾಸವೂ ಇರಲಿಲ್ಲ. ನಿಂತಾಗ ಇತ್ತು, ಫೋಟೋದವನು ಕಾಲಿನ ಕೆಳಗೆ ಮಣೆ ಇಡೋಣವಾ ಎಂದು ಕೇಳಿದಾಗ ಸತ್ಯಾತ್ಮ ಬೇಡ ಎಂದ. ಭೀಮಾಬಾಯಿ ಅದನ್ನು ಕಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ರಾಯರು ಮಗಳ ಸಾಲನ್ನೂ ಅಳಿಯನ ಸಾಲನ್ನೂ ಪಟ್ಟಿಯಿಂದ ತಾವೇ ಅಳಿಸಿ, ಅದೇ ದಿನ ಆ ಕೆಲಸಕ್ಕೆ ರಾಜೀನಾಮೆ ಬರೆದು ಕೃಷ್ಣಪ್ರಸಾದರ ಕೈಗೆ ಕೊಟ್ಟರು.

ಕೃಷ್ಣಪ್ರಸಾದ ಅದನ್ನು ಓದದೆ ಜೇಬಿಗೆ ಹಾಕಿಕೊಂಡು ಮೈಕು ಹಿಡಿದರು. ಈ ಸಂಬಂಧ ಬಳಗದ ಪುಸ್ತಕದಿಂದಲೇ ಕೂಡಿಬಂದದ್ದೆಂದು ಹೇಳಿದರು. ಈ ವರ್ಷದ ಪುಸ್ತಕದಿಂದ ಒಟ್ಟು ಇಪ್ಪತ್ತಾರು ಮದುವೆ ನಿಶ್ಚಯವಾಗಿದೆ, ಹಿಂದೆಂದೂ ಇಷ್ಟಾಗಿರಲಿಲ್ಲ, ಇದಕ್ಕೆಲ್ಲ ಕಾರಣ ಪಟ್ಟಿಯಲ್ಲಿ ಎಲ್ಲ ವಿವರಗಳನ್ನೂ ಕರಾರುವಾಕ್ಕಾಗಿ ಕೊಟ್ಟ ನಮ್ಮ ವಿಷ್ಣುಮೂರ್ತಿ ರಾಯರು, ಮುಂದಿನ ವರ್ಷವೂ ಅವರೇ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ರಾಯರು ಎದ್ದು ನಿಂತು ಕೈಮುಗಿದರು. ಅಪ್ಪನ ಕಡೆ ನೋಡಿದರೆ ನಗು ಬಂದೀತೆಂದು ಹರಿಪ್ರಿಯಾ ಬಹಳ ಹೊತ್ತು ನೆಲ ನೋಡುತ್ತ ಕೂತಿದ್ದಳು. ನಾಚಿಕೊಂಡಿದ್ದಾಳೆ ಎಂದುಕೊಂಡರು ಬಂದವರು.